ಪಟ್ಟಿಯಲ್ಲಿ ನಮ್ಮೂರೇ ಇಲ್ಲ, ಏನು ಒತ್ತಲಿ?

"ಸರ್, ನಿಮ್ಮೂರು ತೋರಿಸ್ತಿಲ್ಲ. ಪಕ್ಕದೂರು ಹಾಕಿಬಿಡ್ಲಾ?"

ಸೈಬರ್ ಸೆಂಟರಿನ ಹುಡುಗ ಹೀಗೆ ಕೇಳಿದಾಗ ನಮ್ಮಲ್ಲಿ ಬಹಳ ಮಂದಿ "ಹಾಕಪ್ಪ, ಏನೋ ಒಂದು" ಎಂದುಬಿಡುತ್ತಾರೆ. ಹಿಂದೆ ಇನ್ನೂ ಐದು ಜನ ಕಾಯುತ್ತಿರುತ್ತಾರೆ, ಸರ್ವರ್ ಯಾವ ಗಳಿಗೆಯಲ್ಲಿ ಕೈಕೊಡುತ್ತದೋ ಗೊತ್ತಿಲ್ಲ, ಕೊನೆಯ ದಿನಾಂಕ ಬೇರೆ ತಲೆಯ ಮೇಲೆ. ಆ ಒಂದು ಕ್ಲಿಕ್ಕಿನ ಬೆಲೆ ತಿಳಿಯುವುದು ಕೆಲವು ತಿಂಗಳ ಮೇಲೆ, ದಾಖಲೆ ಪರಿಶೀಲನೆಯ ಮೇಜಿನ ಮುಂದೆ. ಅಲ್ಲಿ ಕೂತವರ ಕಣ್ಣಿಗೆ ಬೀಳುವುದು ಇಷ್ಟೇ: ಅರ್ಜಿಯಲ್ಲಿ ಒಂದು ಊರು, ಪ್ರಮಾಣಪತ್ರದಲ್ಲಿ ಇನ್ನೊಂದು ಊರು.

ರಾಜ್ಯ ಆರಿಸಿದರೆ ಜಿಲ್ಲೆಗಳು ಬಿಚ್ಚಿಕೊಳ್ಳುತ್ತವೆ, ಜಿಲ್ಲೆ ಆರಿಸಿದರೆ ತಾಲೂಕುಗಳು, ತಾಲೂಕು ಆರಿಸಿದರೆ ಗ್ರಾಮಗಳು. ಒಂದರ ಹೊಟ್ಟೆಯೊಳಗೆ ಇನ್ನೊಂದು. ಮೇಲಿನದು ತಪ್ಪಿದರೆ ಕೆಳಗಿನದು ಸಿಗುವುದೇ ಇಲ್ಲ. ನಮ್ಮ ಊರು ಕಾಣದಿದ್ದಾಗ ಪಟ್ಟಿಯಲ್ಲೇ ಇಲ್ಲ ಎಂದುಕೊಳ್ಳುತ್ತೇವೆ. ಸಾಮಾನ್ಯವಾಗಿ ಅದು ಅಲ್ಲೇ ಇರುತ್ತದೆ, ಬೇರೆ ಜಿಲ್ಲೆಯ ಹೊಟ್ಟೆಯೊಳಗೆ, ಬೇರೆ ತಾಲೂಕಿನ ಕೆಳಗೆ ಅಥವಾ ಬೇರೆ ಹೆಸರಿನಲ್ಲಿ.

ಇದಕ್ಕೆ ಹರಪನಹಳ್ಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1997ರವರೆಗೆ ಅದು ಬಳ್ಳಾರಿ ಜಿಲ್ಲೆಯ ತಾಲೂಕು. ಆ ವರ್ಷ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಅದರೊಳಗೆ ಹೋಯಿತು. ಕಲ್ಯಾಣ ಕರ್ನಾಟಕದ 371(ಜೆ) ಸೌಲಭ್ಯಕ್ಕಾಗಿ ನಡೆದ ಹೋರಾಟದ ನಂತರ, 2018-19ರ ಹೊತ್ತಿಗೆ ಮರಳಿ ಬಳ್ಳಾರಿಗೆ ಬಂತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾದಾಗ ಅದರ ಪಾಲಿಗೆ ಸೇರಿತು. ಊರು ಕದಲಿಲ್ಲ, ಕೆರೆ ಕದಲಿಲ್ಲ, ಜಿಲ್ಲೆಯ ಹೆಸರು ಮಾತ್ರ ಕಾಲು ಶತಮಾನದಲ್ಲಿ ಮೂರು ಸಲ ಬದಲಾಯಿತು. ಲೋಕಸಭೆಗೆ ಮಾತ್ರ ಅಲ್ಲಿನವರು ಇಂದಿಗೂ ದಾವಣಗೆರೆ ಕ್ಷೇತ್ರದ ಮತದಾರರು. ಅಂಚೆ ಇಲಾಖೆಯಂತೂ ಈ ಯಾವ ಗದ್ದಲಕ್ಕೂ ತಲೆ ಕೆಡಿಸಿಕೊಂಡಿಲ್ಲ. ದಾವಣಗೆರೆಯ ಪಿನ್ 577ರಿಂದ ಶುರುವಾದರೂ ಹರಪನಹಳ್ಳಿಯದು ಬಳ್ಳಾರಿ ಕಡೆಯ 583131.

ಈ ತಾಲೂಕಿನ ಚಿಗಟೇರಿ ಹೋಬಳಿಯ ಒಂದು ತಾಂಡಾದ ಹುಡುಗಿ, ನನ್ನ ಸ್ನೇಹಿತರ ಮಗಳು, ಒಂದು ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತ ನನಗೆ ಫೋನ್ ಮಾಡಿದಳು. "ಅಂಕಲ್, ಜಿಲ್ಲೆ ವಿಜಯನಗರ ಅಂತ ಬರೋದೇ ಇಲ್ಲ. ಬಳ್ಳಾರಿ ಒತ್ತಿದ್ರೆ ನಮ್ಮ ತಾಲೂಕಿಲ್ಲ. ಹೊಸಪೇಟೆ ಹಾಕ್ಲಾ?" ಬೇಡ, ಏನನ್ನೂ ಒತ್ತಬೇಡ, ಮೊದಲು ಆ ಪಟ್ಟಿ ಯಾವ ವರ್ಷದ್ದು ನೋಡೋಣ ಎಂದೆ.

ಪಟ್ಟಿಗೂ ಒಂದು ವರ್ಷವಿರುತ್ತದೆ. ಯಾವುದೋ ಒಂದು ದಿನ ಯಾರೋ ಜನಗಣತಿಯ ಗ್ರಾಮಪಟ್ಟಿಯನ್ನೋ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯನ್ನೋ ಇಳಿಸಿಕೊಂಡು ಅರ್ಜಿಗೆ ಜೋಡಿಸಿರುತ್ತಾರೆ. ಆ ಡೈರೆಕ್ಟರಿ ಹೊಸ ಅಧಿಸೂಚನೆ ಬಂದಂತೆ ತಿದ್ದುಪಡಿಯಾಗುತ್ತದೆ. ಅದರಿಂದ ಇಳಿಸಿಕೊಂಡ ಪ್ರತಿ ತಿದ್ದುಪಡಿಯಾಗುವುದಿಲ್ಲ. 2011ರ ಜನಗಣತಿಯ ಪಟ್ಟಿ ಇಟ್ಟುಕೊಂಡು ನಡೆಯುತ್ತಿರುವ ಅರ್ಜಿಗಳು ಈಗಲೂ ಇವೆ. ಅವುಗಳ ಪಾಲಿಗೆ ಕರ್ನಾಟಕದಲ್ಲಿ 30 ಜಿಲ್ಲೆಗಳು, ಹರಪನಹಳ್ಳಿ ಇರುವುದು ದಾವಣಗೆರೆಯಲ್ಲಿ.

ವರ್ಷ ಪತ್ತೆಹಚ್ಚಲು ಅರ್ಧ ನಿಮಿಷ ಸಾಕು. ನಿಮ್ಮೂರು ಯಾವುದೇ ಇರಲಿ, ಕರ್ನಾಟಕದ ಜಿಲ್ಲೆಗಳ ಪಟ್ಟಿ ತೆರೆದು ವಿಜಯನಗರ ಹುಡುಕಿ. ಇದ್ದರೆ ಅದು 2021ರ ನಂತರದ ಪಟ್ಟಿ, ಇಲ್ಲದಿದ್ದರೆ ಅದಕ್ಕಿಂತ ಹಿಂದಿನದು. ಹಿಂದಿನದಾದರೆ ದಾವಣಗೆರೆ ಒತ್ತಿ ಹರಪನಹಳ್ಳಿ ಅಲ್ಲಿದೆಯೇ ನೋಡಿ. ಇದ್ದರೆ 2018ಕ್ಕಿಂತ ಹಳೆಯದು, ಅಂದರೆ ಆಮೇಲೆ ಹುಟ್ಟಿದ ಹೊಸ ತಾಲೂಕುಗಳೂ ಅದರಲ್ಲಿ ಇರುವುದಿಲ್ಲ. ಹೆಸರಿನ ಕಾಗುಣಿತ ನೋಡಿ ಮೋಸ ಹೋಗಬೇಡಿ. 2014ರ ನವೆಂಬರ್ 1ರಂದು Bellary ಹೋಗಿ Ballari ಆಯಿತು, Gulbarga ಹೋಗಿ Kalaburagi ಆಯಿತು, Bijapur ಹೋಗಿ Vijayapura ಆಯಿತು. ಎಷ್ಟೋ ಕಡೆ ಹಲಗೆ ಮಾತ್ರ ಬದಲಿಸಿ ಒಳಗಿನ ಸಾಮಾನು ಹಾಗೇ ಬಿಟ್ಟಿದ್ದಾರೆ. ಹೆಸರು ಹೊಸದು, ತಾಲೂಕುಗಳು ಹಳೆಯವು.

ಹುಡುಗಿಯ ಅರ್ಜಿಯಲ್ಲಿ ಹರಪನಹಳ್ಳಿ ದಾವಣಗೆರೆಯ ಕೆಳಗೇ ಸಿಕ್ಕಿತು. "ಆದ್ರೆ ನಮ್ದು ದಾವಣಗೆರೆ ಅಲ್ಲವಲ್ಲ ಅಂಕಲ್" ಎಂದಳು. ಸರಿಯಾದ ಮಾತು. ಅಲ್ಲಿ ಎರಡು ದಾರಿಗಳಿದ್ದವು. ಹಳೆಯ ಜಿಲ್ಲೆ ಆರಿಸಿ ಸರಿಯಾದ ತಾಲೂಕು, ಸರಿಯಾದ ಗ್ರಾಮ ಹಿಡಿಯುವುದು ಒಂದು. ಬಳ್ಳಾರಿಯನ್ನೇ ಇಟ್ಟುಕೊಂಡು ಹೊಸಪೇಟೆಯೋ ಕೂಡ್ಲಿಗಿಯೋ ಆರಿಸಿ, ಅದರಲ್ಲಿ ತನ್ನದಲ್ಲದ ಒಂದು ಗ್ರಾಮ ಒತ್ತುವುದು ಇನ್ನೊಂದು. ನಾನು ಯಾವಾಗಲೂ ಮೊದಲನೆಯದನ್ನೇ ಹೇಳುತ್ತೇನೆ. ಕಾರಣ ಹೀಗಿದೆ. ಪರದೆಯ ಮೇಲೆ ಕಾಣುವುದು ಊರಿನ ಹೆಸರು, ಆದರೆ ಅರ್ಜಿಯೊಳಗೆ ಉಳಿಯುವುದು ಸಾಮಾನ್ಯವಾಗಿ ಆ ಗ್ರಾಮದ ಸಂಕೇತ ಸಂಖ್ಯೆ. ಊರು ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಹೋದರೂ ಆ ಸಂಖ್ಯೆಯ ಜಾಡು ಹಿಡಿದು ಅದೇ ಊರನ್ನು ತಲುಪಬಹುದು. ಪಕ್ಕದೂರಿನ ಸಂಖ್ಯೆ ಹಿಡಿದು ನಿಮ್ಮೂರಿಗೆ ಬರಲು ದಾರಿಯೇ ಇಲ್ಲ. ಹಳೆಯ ಜಿಲ್ಲೆ ಹಾಕಿದ್ದು ಪಟ್ಟಿಯ ತಪ್ಪು, ಗೆಜೆಟ್ ತೋರಿಸಿ ವಿವರಿಸಬಹುದು. ಬೇರೆ ಊರು ಹಾಕಿದ್ದು ನಿಮ್ಮ ತಪ್ಪು.

ಹಾಗಾಗಿ ಹುಡುಕುವಾಗ ಕೆಳಗಿನಿಂದ ಮೇಲಕ್ಕೆ ಯೋಚಿಸಿ. ನನ್ನ ಗ್ರಾಮ ಯಾವ ತಾಲೂಕಿನ ಕೆಳಗೆ ಸಿಗುತ್ತದೆ, ಆ ತಾಲೂಕು ಯಾವ ಜಿಲ್ಲೆಯ ಕೆಳಗೆ ಕೂತಿದೆ ಎಂದು ನೋಡಿ. ಪಟ್ಟಿಯಲ್ಲಿ ವಿಜಯನಗರ ಇದ್ದೂ ಅದರ ಕೆಳಗೆ ಹರಪನಹಳ್ಳಿ ಇಲ್ಲದಿದ್ದರೆ ಅರ್ಧ ತಿದ್ದಿ ಬಿಟ್ಟ ಪಟ್ಟಿ ಎಂದರ್ಥ, ಬಳ್ಳಾರಿಯಲ್ಲಿ ನೋಡಿ, ಆಮೇಲೆ ದಾವಣಗೆರೆಯಲ್ಲಿ. ವಿಳಾಸವನ್ನು ಕೈಯಾರೆ ಬೆರಳಚ್ಚಿಸುವ ಸಾಲು ಬಹುತೇಕ ಎಲ್ಲ ಅರ್ಜಿಗಳಲ್ಲೂ ಇರುತ್ತದೆ. ಅಲ್ಲಿ ಇಂದಿನ ಸತ್ಯವನ್ನು ಪೂರ್ತಿ ಬರೆಯಿರಿ: ತಾಂಡಾದ ಹೆಸರು, ಗ್ರಾಮ, ಅಂಚೆ, ಹರಪನಹಳ್ಳಿ ತಾಲೂಕು, ವಿಜಯನಗರ ಜಿಲ್ಲೆ, ಪಿನ್. ಮುಂದೆ ಯಾರಾದರೂ ಕೇಳಿದರೆ ಆ ಸಾಲೇ ನಿಮ್ಮ ಪರವಾಗಿ ಮಾತಾಡುತ್ತದೆ.

ಇದು ನಡೆಯದ ಒಂದು ಸಂದರ್ಭವಿದೆ. ಜಿಲ್ಲೆಯ ಹೆಸರಿನ ಮೇಲೆಯೇ ಅರ್ಹತೆ ನಿಂತಿದ್ದರೆ ಹಳೆಯ ಜಿಲ್ಲೆ ಹಾಕುವುದು ಅಪಾಯ. ಕಲ್ಯಾಣ ಕರ್ನಾಟಕದ ಮೀಸಲಾತಿ ಅಂಥದ್ದು, ಅದರಲ್ಲಿ ವಿಜಯನಗರ ಇದೆ, ದಾವಣಗೆರೆ ಇಲ್ಲ. 371(ಜೆ) ಸ್ಥಳೀಯ ಅಭ್ಯರ್ಥಿ ಎನ್ನುವುದಕ್ಕೆ ಉಪವಿಭಾಗಾಧಿಕಾರಿ ಕೊಟ್ಟ ಅರ್ಹತಾ ಪ್ರಮಾಣಪತ್ರವೇ ಆಧಾರ, ಅರ್ಜಿಯ ವಿಳಾಸ ಅಲ್ಲ. ಅದನ್ನು ಕೇಳುವ ಪ್ರತ್ಯೇಕ ಪ್ರಶ್ನೆ ಇದ್ದರೆ ಚಿಂತೆಯಿಲ್ಲ. ಪ್ರಶ್ನೆಯೇ ಇಲ್ಲದೆ ಜಿಲ್ಲೆ ನೋಡಿ ತಾನೇ ನಿರ್ಧರಿಸುವ ಅರ್ಜಿಯಾದರೆ ಕೊನೆಯ ಗುಂಡಿ ಒತ್ತುವ ಮೊದಲೇ ಸಹಾಯವಾಣಿಗೆ ಬರೆಯಿರಿ. ಒತ್ತಿದ ಮೇಲೆ ಬರೆದದ್ದಕ್ಕೆ ಅಷ್ಟು ತೂಕವಿರುವುದಿಲ್ಲ.

ತಾಲೂಕಿನ ಕಥೆ ಜಿಲ್ಲೆಗಿಂತ ದೊಡ್ಡದು, ಏಕೆಂದರೆ ಅದರ ಬಿಸಿ ತಟ್ಟಿದವರು ಹೆಚ್ಚು. 2017ರ ಬಜೆಟ್ಟಿನಲ್ಲಿ ಒಂದೇ ಸಲಕ್ಕೆ 49 ಹೊಸ ತಾಲೂಕುಗಳ ಘೋಷಣೆಯಾಯಿತು. ಆಮೇಲೂ ಕೆಲವು ಸೇರಿಕೊಂಡವು. ಹಳೆಯ ಪಟ್ಟಿಗಳಲ್ಲಿ ಇವು ಇಲ್ಲ, ಹಾಗಾಗಿ ತಾಯಿ ತಾಲೂಕನ್ನೇ ಆರಿಸಬೇಕು. ಕೊಟ್ಟೂರಿನವರು ಕೂಡ್ಲಿಗಿಯಲ್ಲಿ ಹುಡುಕಬೇಕು, ಹೆಬ್ರಿಯವರು ಕಾರ್ಕಳದಲ್ಲಿ, ಬೈಂದೂರಿನವರು ಕುಂದಾಪುರದಲ್ಲಿ, ಮೂಡುಬಿದಿರೆಯವರು ಮಂಗಳೂರಿನಲ್ಲಿ, ಸರಗೂರಿನವರು ಎಚ್.ಡಿ. ಕೋಟೆಯಲ್ಲಿ, ಹನೂರಿನವರು ಕೊಳ್ಳೇಗಾಲದಲ್ಲಿ, ಪೊನ್ನಂಪೇಟೆಯವರು ವಿರಾಜಪೇಟೆಯಲ್ಲಿ. ಕಂಪ್ಲಿಯವರ ಪಾಡು ಇನ್ನೂ ವಿಚಿತ್ರ. ಅವರ ಹಳೆಯ ತಾಲೂಕು ಹೊಸಪೇಟೆ ಈಗ ವಿಜಯನಗರದಲ್ಲಿದೆ, ಕಂಪ್ಲಿ ಮಾತ್ರ ಬಳ್ಳಾರಿಯಲ್ಲೇ ಉಳಿದಿದೆ. ಗಡಿಯಾಚೆ ಕಾಸರಗೋಡಿನ ಕನ್ನಡಿಗರಿಗೂ ಇದೇ ಅನುಭವ: ಮಂಜೇಶ್ವರ ತಾಲೂಕು ಆದದ್ದು 2014ರಲ್ಲಿ, ಹಳೆಯ ಪಟ್ಟಿಯಲ್ಲಿ ಅಲ್ಲಿನ ಊರುಗಳೆಲ್ಲ ಕಾಸರಗೋಡು ತಾಲೂಕಿನ ಕೆಳಗಿವೆ.

ಹೆಸರು ಇದ್ದೂ ಎಡವುವವರಿದ್ದಾರೆ. ಹರಪನಹಳ್ಳಿ ತಾಲೂಕಿನಲ್ಲಿ ಅರಸೀಕೆರೆ ಎಂಬ ಹೋಬಳಿ ಇದೆ. ಆ ಹೆಸರು ಕಂಡ ಕೂಡಲೇ ಕೈ ಹಾಸನ ಜಿಲ್ಲೆಯ ಅರಸೀಕೆರೆ ತಾಲೂಕಿಗೆ ಹೋದರೆ ಅರ್ಜಿ ನೂರು ಕಿಲೋಮೀಟರಿಗೂ ಹೆಚ್ಚು ದೂರ ಹಾರಿಬಿಡುತ್ತದೆ. ಬೆಂಗಳೂರು ದಕ್ಷಿಣವಂತೂ ಇನ್ನೂ ದೊಡ್ಡ ಸಿಕ್ಕು. ಬೆಂಗಳೂರು ನಗರ ಜಿಲ್ಲೆಯಲ್ಲಿ ಆ ಹೆಸರಿನ ತಾಲೂಕಿದೆ, ಆ ಹೆಸರಿನ ಲೋಕಸಭಾ ಕ್ಷೇತ್ರವಿದೆ. 2025ರಲ್ಲಿ ರಾಮನಗರ ಜಿಲ್ಲೆಗೆ ಅದೇ ಹೆಸರಿಟ್ಟರು, ಅದೇ ವರ್ಷ ಬಿಬಿಎಂಪಿ ಐದು ಪಾಲಿಕೆಗಳಾದಾಗ ಒಂದಕ್ಕೂ ಅದೇ ಹೆಸರು ಬಂತು. ಜಯನಗರದವರು ಜಿಲ್ಲೆಯ ಜಾಗದಲ್ಲಿ Bengaluru South ಕಂಡು ಒತ್ತಿದರೆ ಕೆಳಗೆ ಮಾಗಡಿ, ಕನಕಪುರ, ಚನ್ನಪಟ್ಟಣ ಬಿಚ್ಚಿಕೊಳ್ಳುತ್ತವೆ. ಅವರು ಹಿಂದೆ ಬಂದು Bengaluru Urban ಆರಿಸಬೇಕು. ಇನ್ನು ಜಿಲ್ಲೆಗಳಲ್ಲಿ ಮಂಗಳೂರು ಹುಡುಕುವವರಿಗೆ ಸಿಗುವುದು ದಕ್ಷಿಣ ಕನ್ನಡ, ಕಾರವಾರ ಹುಡುಕುವವರಿಗೆ ಉತ್ತರ ಕನ್ನಡ, ಮಡಿಕೇರಿ ಹುಡುಕುವವರಿಗೆ ಕೊಡಗು. ಇದು ಗೊತ್ತಿದ್ದದ್ದೇ, ಅವಸರದಲ್ಲಿ ಮರೆಯುತ್ತೇವೆ.

ಈಗ ಗ್ರಾಮಕ್ಕೆ ಬರೋಣ. ಹುಡುಗಿಗೆ ಹರಪನಹಳ್ಳಿ ಸಿಕ್ಕಿತು, ಅದರ ಕೆಳಗೆ ಗ್ರಾಮಗಳ ಉದ್ದ ಪಟ್ಟಿ ಬಂತು, ಅವಳ ತಾಂಡಾ ಮಾತ್ರ ಇಲ್ಲ. ಇರಲು ಸಾಧ್ಯವೂ ಇರಲಿಲ್ಲ. ಪಟ್ಟಿಯಲ್ಲಿ ಬರುವುದು ಕಂದಾಯ ಗ್ರಾಮಗಳು, ಅಂದರೆ ತಮ್ಮದೇ ಗಡಿ, ನಕಾಶೆ, ಸರ್ವೆ ನಂಬರುಗಳುಳ್ಳ ಗ್ರಾಮಗಳು. ತಾಂಡಾ, ಹಟ್ಟಿ, ಹಾಡಿ, ದೊಡ್ಡಿ, ಪಾಳ್ಯ, ಕ್ಯಾಂಪು, ಮಜರೆಗಳಲ್ಲಿ ಬಹಳಷ್ಟು ದಶಕಗಳಿಂದ ಇನ್ನೊಂದು ಗ್ರಾಮದ ಸರ್ವೆ ನಂಬರಿನಲ್ಲಿ ಕೂತಿರುವ ಜನವಸತಿಗಳು. ನಾಲ್ಕು ನೂರು ಮನೆ, ಶಾಲೆ, ಸೇವಾಲಾಲ್ ಗುಡಿ ಎಲ್ಲ ಇದ್ದರೂ ಕಂದಾಯ ದಾಖಲೆಗೆ ಅದು ಊರಲ್ಲ. ಇಂಥವನ್ನು ಕಂದಾಯ ಗ್ರಾಮ ಮಾಡುವ ಕೆಲಸ ಈಗ ನಡೆಯುತ್ತಿದೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ 50 ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟದ್ದು ಇದರ ಭಾಗವಾಗಿಯೇ. ಆದರೆ ಹಕ್ಕುಪತ್ರ ಕೈಗೆ ಬಂದರೂ ಹೊಸ ಗ್ರಾಮದ ಹೆಸರು ಪ್ರತಿ ಇಲಾಖೆಯ ಪಟ್ಟಿಯೊಳಗೆ ಇಳಿಯಲು ಕಾಲ ಹಿಡಿಯುತ್ತದೆ.

ಅಲ್ಲಿಯವರೆಗೆ ಆರಿಸಬೇಕಾದದ್ದು ಮೂಲ ಕಂದಾಯ ಗ್ರಾಮವನ್ನು. ಅದು ಯಾವುದು ಎಂದು ಊಹಿಸಬೇಡಿ. ತಾಂಡಾಕ್ಕೆ ಹತ್ತಿರದ ದೊಡ್ಡ ಊರೇ ಮೂಲ ಗ್ರಾಮವಾಗಿರಬೇಕಿಲ್ಲ, ಗ್ರಾಮ ಪಂಚಾಯಿತಿಯ ಕೇಂದ್ರವೂ ಆಗಿರಬೇಕಿಲ್ಲ. ಹೊಲ ಇದ್ದವರು ಪಹಣಿ ತೆಗೆದು ನೋಡಲಿ. ಮೇಲಿನ ಸಾಲಿನಲ್ಲೇ ತಾಲೂಕು, ಹೋಬಳಿ, ಗ್ರಾಮ ಇರುತ್ತದೆ. ಆದರೆ ಹೊಲ ಒಂದು ಗ್ರಾಮದಲ್ಲಿ, ಮನೆ ಇನ್ನೊಂದರಲ್ಲಿ ಇರುವುದುಂಟು, ಆದ್ದರಿಂದ ಮನೆಯ ಸುತ್ತಲ ಜಮೀನಿನ ಪಹಣಿಯನ್ನು ನೋಡಬೇಕು. ಹೊಲ ಇಲ್ಲದವರು ನಾಡಕಚೇರಿಯಿಂದ ಪಡೆದ ಜಾತಿ ಅಥವಾ ಆದಾಯ ಪ್ರಮಾಣಪತ್ರದ ಗ್ರಾಮದ ಹೆಸರು ನೋಡಿಕೊಳ್ಳಬಹುದು. ಎರಡೂ ಇಲ್ಲದಿದ್ದರೆ ಗ್ರಾಮ ಆಡಳಿತಾಧಿಕಾರಿಗೆ, ಊರಲ್ಲಿ ಇನ್ನೂ ಗ್ರಾಮ ಲೆಕ್ಕಿಗರು ಎಂದೇ ಕರೆಯುವವರಿಗೆ, ಒಂದು ಫೋನ್ ಮಾಡಿದರೆ ಆಯಿತು. ಹುಡುಗಿಯ ತಂದೆ ಪಹಣಿ ತೆಗೆದರು. ಅವರೆಲ್ಲ ಪಂಚಾಯಿತಿ ಕೆಲಸಕ್ಕೆಂದು ದಿನವೂ ಹೋಗುವ ಊರು ಒಂದು, ಪಹಣಿಯಲ್ಲಿದ್ದ ಗ್ರಾಮ ಇನ್ನೊಂದು. ಪಟ್ಟಿಯಲ್ಲಿ ಆ ಎರಡನೆಯ ಹೆಸರು ತಕ್ಷಣ ಸಿಕ್ಕಿತು. ಅವಳ ಜಾತಿ ಪ್ರಮಾಣಪತ್ರದಲ್ಲೂ ಅದೇ ಇತ್ತು, ಅವಳೇ ಗಮನಿಸಿರಲಿಲ್ಲ.

ಕಾಗುಣಿತದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇಂಗ್ಲಿಷ್ ಅಕ್ಷರದ ಪಟ್ಟಿಯಲ್ಲಿ ನಮ್ಮೂರ ಹೆಸರನ್ನು ಯಾರು ಹೇಗೆ ಬರೆದಿದ್ದಾರೋ ಹೇಳಲಾಗದು. ಹೂವಿನಹಡಗಲಿ Hoovina, Huvina, Hadagali, Hadagalli ಎಲ್ಲ ಆಗಬಲ್ಲದು. ದೀರ್ಘಕ್ಕೆ ಒಂದು ಅಕ್ಷರವೋ ಎರಡೋ, ವ ಕ್ಕೆ V ಯೋ W ವೋ, ಚ ಕ್ಕೆ Ch ಓ Chh ಓ ಎಂದು ಬದಲಿಸಿ ನೋಡಿ. ದೊಡ್ಡ, ಚಿಕ್ಕ, ಹಿರೇ ಇವುಗಳನ್ನು ಕೆಲವು ಪಟ್ಟಿಗಳಲ್ಲಿ D., Ch., H. ಎಂದು ಮೊಟಕು ಮಾಡಿರುತ್ತಾರೆ. ಮೊದಲ ಅಕ್ಷರವನ್ನೇ ನೆಚ್ಚದೆ ಒಮ್ಮೆ ಪೂರ್ತಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿ, ಎರಡು ನಿಮಿಷದ ಕೆಲಸ.

ತಾಲೂಕು ಕೇಂದ್ರದಲ್ಲಿ ಮನೆ ಇರುವವರ ಕಷ್ಟ ಬೇರೆ. ಹರಪನಹಳ್ಳಿ ಪಟ್ಟಣದವರು ಗ್ರಾಮಗಳ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಪಟ್ಟಣ ಸಿಗುವುದಿಲ್ಲ, ಅದು ಗ್ರಾಮವಲ್ಲ. ಅರ್ಜಿಯಲ್ಲಿ Rural, Urban ಎಂಬ ಪ್ರಶ್ನೆ ಮೊದಲೇ ಬಂದಿರುತ್ತದೆ, ಅದನ್ನು Urban ಮಾಡಿದರೆ ಗ್ರಾಮದ ಬದಲು ಪಟ್ಟಣ, ವಾರ್ಡು ತೆರೆದುಕೊಳ್ಳುತ್ತವೆ. ನಗರಸಭೆಯೋ ಪಾಲಿಕೆಯೋ ನುಂಗಿದ ಹಳ್ಳಿಗಳಿಗೂ ಇದೇ ಮಾತು. 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಲ್ಲಿ ಈಗಲೂ ತಮ್ಮನ್ನು ಹಳ್ಳಿ ಎಂದುಕೊಂಡು ಗ್ರಾಮದ ಪಟ್ಟಿಯಲ್ಲಿ ಹುಡುಕುವವರಿದ್ದಾರೆ. ಪಹಣಿಯಲ್ಲಿ ಗ್ರಾಮದ ಹೆಸರು ಉಳಿದಿರುತ್ತದೆ ನಿಜ. ಜಮೀನಿನ ಅರ್ಜಿಯಾದರೆ ಗ್ರಾಮ, ಮನೆಯ ವಿಳಾಸವಾದರೆ ನಗರ.

ಕೆಲವೊಮ್ಮೆ ಪಟ್ಟಿ ಹಳೆಯದೂ ಅಲ್ಲ, ಹೆಸರು ತಪ್ಪೂ ಅಲ್ಲ, ಬರೀ ಖಾಲಿ. ಒಂದೂ ಹೆಸರಿಲ್ಲದೆ Select ಎಂದಷ್ಟೇ ಇದ್ದರೆ ನಿಮ್ಮೂರು ಇಲ್ಲ ಎಂದಲ್ಲ, ಪಟ್ಟಿ ಬಂದೇ ಇಲ್ಲ ಎಂದರ್ಥ. ಮೊಬೈಲು ತಾನಾಗಿ ವಿಳಾಸ ತುಂಬಿಕೊಟ್ಟಾಗ ಹೀಗಾಗುವುದು ಹೆಚ್ಚು: ರಾಜ್ಯದ ಹೆಸರು ಕೂತಿರುತ್ತದೆ, ಆದರೆ ಯಾರೂ ಆರಿಸಲಿಲ್ಲವೆಂದು ಜಿಲ್ಲೆಗಳು ಬರುವುದಿಲ್ಲ. ಬೇರೊಂದು ರಾಜ್ಯ ಆರಿಸಿ, ಮತ್ತೆ ಕರ್ನಾಟಕ ಆರಿಸಿ. ಬ್ರೌಸರಿನ ಅನುವಾದ ಚಾಲೂ ಇದ್ದರೆ ಅದನ್ನು ನಿಲ್ಲಿಸಿ ಪುಟವನ್ನು ಹೊಸದಾಗಿ ತೆರೆಯಿರಿ. ಜಿಲ್ಲೆ ಬದಲಿಸಿದಾಗಲೆಲ್ಲ ಕೆಳಗಿನ ತಾಲೂಕು, ಗ್ರಾಮವನ್ನು ಮತ್ತೊಮ್ಮೆ ನೋಡಿ, ಹಳೆಯ ಆಯ್ಕೆ ಅಲ್ಲೇ ಅಂಟಿಕೊಂಡಿರಬಹುದು.

ಆಧಾರ್‌ನ ವಿಳಾಸ ತಿದ್ದುವಾಗ ಈ ದಾರಿ ತಲೆಕೆಳಗು. ಅಲ್ಲಿ ಮೊದಲು ಪಿನ್ ಹಾಕಬೇಕು. ರಾಜ್ಯ, ಜಿಲ್ಲೆ ತಾನಾಗಿ ಬರುತ್ತವೆ, VTC ಎಂಬಲ್ಲಿ ಊರು, ನಂತರ ಅಂಚೆ ಕಚೇರಿ ಆರಿಸಬೇಕು. ಊರು ಇಲ್ಲದಿದ್ದರೆ ಪಿನ್ ಸರಿಯಿದೆಯೇ ಎಂದು ಊರಿನ ಅಂಚೆಯಣ್ಣನನ್ನು ಕೇಳಿ, ನಮ್ಮಲ್ಲಿ ಬಹಳ ಮಂದಿ ಬರೆಯುವುದು ತಾಲೂಕು ಕೇಂದ್ರದ ಪಿನ್. ಸರಿಯಾದ ಪಿನ್ನಿಗೂ ಊರು ಬಾರದಿದ್ದರೆ 1947ಕ್ಕೆ ಕರೆ ಮಾಡಿ ಅಥವಾ help@uidai.gov.in ಗೆ ಪಿನ್, ಊರು, ಅಂಚೆ ಕಚೇರಿ, ತಾಲೂಕು, ಜಿಲ್ಲೆ ಬರೆದು ಸೇರಿಸಲು ಕೇಳಿ.

Others ಎಂಬ ಆಯ್ಕೆ ಇದ್ದರೆ? ಅದರ ಪಕ್ಕದಲ್ಲಿ ಹೆಸರು ಬರೆಯುವ ಜಾಗ ತೆರೆದುಕೊಂಡರೆ ಧೈರ್ಯವಾಗಿ ಆರಿಸಿ. ಜಾಗ ತೆರೆಯದಿದ್ದರೆ ಮೂಲ ಗ್ರಾಮವೇ ವಾಸಿ. ಯಾವ ಗ್ರಾಮವೂ ಅಲ್ಲದ ಅರ್ಜಿ ಪರಿಶೀಲನೆಗೆ ಯಾವ ಕಚೇರಿಗೂ ಹೋಗದೆ ಉಳಿಯುವ ಸಂಭವ ಇದೆ.

ಯಾವುದನ್ನು ಆರಿಸಿದರೂ ನಿಮ್ಮೂರು ಇಲ್ಲದ ಪಟ್ಟಿಯ ಚಿತ್ರವನ್ನು ದಿನಾಂಕ ಕಾಣುವಂತೆ ತೆಗೆದಿಟ್ಟುಕೊಳ್ಳಿ. ಪರಿಶೀಲನೆಗೆ ಹೋಗುವಾಗ ಅದರ ಜೊತೆ ನಾಡಕಚೇರಿಯ ವಾಸಸ್ಥಳ ದೃಢೀಕರಣ ಪತ್ರ ಇರಲಿ. ಹುಡುಗಿ ಎರಡನ್ನೂ ಒಯ್ದಿದ್ದಳು. "ಜಿಲ್ಲೆ ದಾವಣಗೆರೆ ಅಂತ ಯಾಕೆ?" ಎಂದು ಕೇಳಿದರಂತೆ. ಪಟ್ಟಿಯ ಚಿತ್ರ ತೋರಿಸಿದಳು. ತಾಲೂಕು, ಗ್ರಾಮ ಎರಡೂ ತಾಳೆಯಾದವು, ಮುಂದಿನ ಪ್ರಶ್ನೆ ಬರಲಿಲ್ಲ.

ಅರ್ಜಿ ತುಂಬಿ ಮುಗಿದ ಮೇಲೆ ಇನ್ನೊಂದು ಕೆಲಸ ಮಾಡಿ. lgdirectory.gov.in ತೆರೆದು ನಿಮ್ಮ ಗ್ರಾಮ ಸರಿಯಾದ ತಾಲೂಕು, ಜಿಲ್ಲೆಯ ಕೆಳಗಿದೆಯೇ ನೋಡಿ, ಅದರ ಸಂಕೇತ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅಲ್ಲಿ ಸರಿಯಿದ್ದರೆ ದೋಷ ಅರ್ಜಿಯ ಪಟ್ಟಿಯದು, ಆ ಸಂಖ್ಯೆ ಹಾಕಿ ಅವರ ಸಹಾಯವಾಣಿಗೆ ಬರೆಯಿರಿ. ಅಲ್ಲೇ ತಪ್ಪಿದ್ದರೆ ತಹಶೀಲ್ದಾರರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ, ಪಿಡಿಒಗೆ ಒಂದು ಪ್ರತಿ ಇರಲಿ. ನಿಮ್ಮ ತಾಂಡಾದವರೆಲ್ಲ ಆರಿಸಬೇಕಾದ ಮೂಲ ಗ್ರಾಮದ ಹೆಸರನ್ನು, ಪಟ್ಟಿಯಲ್ಲಿರುವ ಇಂಗ್ಲಿಷ್ ಕಾಗುಣಿತದಲ್ಲೇ, ಶಾಲೆಯ ಫಲಕದ ಮೇಲೆ ಒಂದು ಸಲ ಬರೆಸಿಬಿಡಿ.